ಲಸಿಕೆಯ ಬಲ ಆಡಿಗೆ 3 ವರ್ಷ, ಹಿಂಡಿಗೆ ಒಂದೇ ವರ್ಷ

ಹಿರೇಬೇನೆ ಹೊಕ್ಕ ದೊಡ್ಡಿಯಲ್ಲಿ ಮೊದಲ ಆಡಿಗೆ ಜ್ವರ ಬಂದು ಮೂರು ವಾರ ಕಳೆಯುವಷ್ಟರಲ್ಲಿ ಅರ್ಧ ಹಿಂಡು ಇಲ್ಲವಾಗಿರುವುದುಂಟು. ಪಶುವೈದ್ಯರು ಇದನ್ನು ಪಿಪಿಆರ್ ಅನ್ನುತ್ತಾರೆ, ಆಡು ಕುರಿಗಳ ಪ್ಲೇಗ್ ಎಂದೂ ಹೇಳುವುದಿದೆ. ಲಸಿಕೆಯನ್ನೇ ಕಾಣದ ಹಿಂಡಿಗೆ ಬಂದರೆ ನೂರರಲ್ಲಿ 90 ಆಡುಗಳಿಗೂ ಹರಡಬಲ್ಲದು. ಕಾಯಿಲೆ ಬಿದ್ದವುಗಳಲ್ಲಿ ಅರ್ಧದಿಂದ ಮುಕ್ಕಾಲು ಪಾಲು ಸಾಯಬಹುದು. ಇಂಥ ರೋಗಕ್ಕೆ ನಮ್ಮ ದೇಶದಲ್ಲೇ ತಯಾರಾಗುವ ಒಳ್ಳೆಯ ಲಸಿಕೆ ಇದೆ. ಒಮ್ಮೆ ಚುಚ್ಚಿಸಿದರೆ ಆಡಿಗೆ ಕನಿಷ್ಠ 3 ವರ್ಷ ರಕ್ಷಣೆ. ಹಾಗಿದ್ದೂ ಲಸಿಕೆ ಹಾಕಿದ ಊರಿಗೇ ವರ್ಷ ಕಳೆದ ಮೇಲೆ ರೋಗ ಮರಳುತ್ತದೆ. ಆಗ ಜನ ಲಸಿಕೆಯನ್ನು ಬೈಯುತ್ತಾರೆ. ತಪ್ಪು ಹೆಚ್ಚಿನ ಸಲ ಲಸಿಕೆಯದ್ದಲ್ಲ.

ಈ ರೋಗವನ್ನು ಮೊದಲು ಗುರುತಿಸಿದ್ದು 1942ರಲ್ಲಿ, ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ. ಭಾರತದಲ್ಲಿ ಖಚಿತವಾದದ್ದು 1987ರಲ್ಲಿ, ತಮಿಳುನಾಡಿನ ಅರಸೂರು ಎಂಬ ಹಳ್ಳಿಯ ಕುರಿಗಳಲ್ಲಿ. ಅಲ್ಲಿಯತನಕ ಆಡು ಕುರಿಗಳಲ್ಲಿ ಹೀಗೆ ಭೇದಿಯಾಗಿ ಸತ್ತರೆ ಅದು ದನಗಳ ದೊಡ್ಡರೋಗವೇ ಇರಬೇಕೆಂದು ತಿಳಿಯುವುದು ಸಹಜವಾಗಿತ್ತು, ಏಕೆಂದರೆ ಎರಡರ ವೈರಸ್ಸೂ ಒಂದೇ ಕುಲದವು. ಮನುಷ್ಯರ ದಡಾರದ ವೈರಸ್ಸೂ ಅದೇ ಕುಲದ್ದು. ಆದರೆ ಹಿರೇಬೇನೆ ಮನುಷ್ಯರಿಗೆ ಅಂಟುವುದಿಲ್ಲ. ದನ, ಎಮ್ಮೆಗಳಿಗೆ ಸೋಂಕು ತಗಲಿದರೂ ಅವು ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ. ದೊಡ್ಡರೋಗ 2011ರಲ್ಲಿ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಹಿರೇಬೇನೆಯನ್ನು 2030ರೊಳಗೆ ಅದೇ ದಾರಿಗೆ ಹಚ್ಚಬೇಕೆಂಬುದು ಈಗಿನ ಜಾಗತಿಕ ಗುರಿ.

ರೋಗ ಹಿಂಡಿನೊಳಗೆ ಹೇಗೆ ನಡೆಯುತ್ತದೆಂದು ನೋಡಲು ಒಂದು ಲೆಕ್ಕ ಹಾಕಿಕೊಳ್ಳೋಣ. 40 ಆಡುಗಳ ಒಂದು ಹಿಂಡು, ಯಾವುದಕ್ಕೂ ಲಸಿಕೆ ಆಗಿಲ್ಲ. ಯಜಮಾನ ಸಂತೆಯಿಂದ ಒಂದು ಹೋತವನ್ನು ಕೊಂಡು ತಂದ. ನೋಡಲು ಚೆನ್ನಾಗಿದೆ, ಮೇಯುತ್ತಿದೆ. ಸಂಜೆಗೆ ಉಳಿದವುಗಳ ಜೊತೆಗೇ ದೊಡ್ಡಿಗೆ ಕೂಡಿದ. ಅದಕ್ಕೆ ಸಂತೆಯಲ್ಲೋ ಲಾರಿಯಲ್ಲೋ ಸೋಂಕು ತಗಲಿತ್ತು. ಸೋಂಕು ತಗಲಿದ ನಾಲ್ಕರಿಂದ ಆರು ದಿನಕ್ಕೆ ಸಾಮಾನ್ಯವಾಗಿ ರೋಗ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಹತ್ತು ದಿನವೂ ಹಿಡಿಯಬಹುದು.

ಮೊದಲು ಜ್ವರ. 40ರಿಂದ 41 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಹೋತ ಮೇವು ಬಿಟ್ಟು ತಲೆ ತಗ್ಗಿಸಿ ನಿಲ್ಲುತ್ತದೆ, ಕೂದಲು ನಿಮಿರುತ್ತದೆ, ಕಣ್ಣು ಮೂಗಿನಲ್ಲಿ ತಿಳಿನೀರು. ಈ ಹಂತದಲ್ಲಿ ಎಲ್ಲರೂ ಶೀತ ಎಂದೇ ಸುಮ್ಮನಾಗುತ್ತಾರೆ. ಒಂದೆರಡು ದಿನದಲ್ಲಿ ಆ ನೀರು ಹಳದಿ ಸಿಂಬಳವಾಗಿ ಮೂಗಿನ ಹೊಳ್ಳೆಗೆ ಹೊಪ್ಪಳಿಸಿ ಕಟ್ಟುತ್ತದೆ, ಆಡು ಉಸಿರಿಗೆ ಒದ್ದಾಡುತ್ತದೆ. ಬೆಳಿಗ್ಗೆ ನೋಡಿದರೆ ಪಿಸುರಿನಿಂದ ರೆಪ್ಪೆಗಳು ಅಂಟಿಕೊಂಡಿರುತ್ತವೆ. ಆಗ ಬಾಯಿ ತೆರೆದು ನೋಡಬೇಕು. ವಸಡಿನ ಮೇಲೆ, ತುಟಿಯ ಒಳಗೆ, ನಾಲಿಗೆಯ ಬದಿಗೆ ತೌಡು ಉದುರಿಸಿದಂತೆ ಬಿಳಿಯ ಚುಕ್ಕೆಗಳು ಕಾಣುತ್ತವೆ. ಬೆರಳಿನಿಂದ ಒರೆಸಿದರೆ ಅದು ಕಿತ್ತು ಬಂದು ಕೆಳಗೆ ಕೆಂಪಗಿನ ಹಸಿ ಹುಣ್ಣು ತೋರುತ್ತದೆ. ಬಾಯಿಯಿಂದ ಬರುವ ಕೊಳೆತ ವಾಸನೆ ಒಮ್ಮೆ ಮೂಗಿಗೆ ಬಿದ್ದವರು ಅದನ್ನು ಮರೆಯುವುದಿಲ್ಲ. ಜ್ವರ ಬಂದ ಮೂರು ನಾಲ್ಕು ದಿನಕ್ಕೆ ಭೇದಿ ಶುರು. ಹಿಕ್ಕೆ ಹೋಗಿ ನೀರು ನೀರಾಗುತ್ತದೆ, ಕೆಲವಕ್ಕೆ ರಕ್ತವೂ ಬೆರೆಯುತ್ತದೆ. ಜೊತೆಗೆ ಕೆಮ್ಮು, ಏದುಸಿರು. ಗಬ್ಬದ ಆಡುಗಳು ಕಂದು ಹಾಕುತ್ತವೆ. ಜ್ವರ ಬಂದ ಐದರಿಂದ ಹತ್ತು ದಿನದೊಳಗೆ ಸಾವು, ಇಲ್ಲವೇ ನಿಧಾನವಾಗಿ ಚೇತರಿಕೆ.

ಬಾಯಿ ಹುಣ್ಣು ಕಂಡೊಡನೆ ಕಾಲುಬಾಯಿ ರೋಗ ಎನ್ನುವವರಿದ್ದಾರೆ. ಕಾಲುಬಾಯಿಯಲ್ಲಿ ಗೊರಸಿನ ಸಂದಿಯಲ್ಲೂ ಹುಣ್ಣಾಗಿ ಆಡು ಕುಂಟುತ್ತದೆ, ಹಿರೇಬೇನೆಯಲ್ಲಿ ಕಾಲಿಗೆ ಏನೂ ಆಗುವುದಿಲ್ಲ. ತುಟಿಯ ಹೊರಗೆ ಮಾತ್ರ ಗಟ್ಟಿ ಹೊಪ್ಪಳಿಕೆ ಎದ್ದು, ಜ್ವರ ಭೇದಿ ಇಲ್ಲದಿದ್ದರೆ ಅದು ಮೂತಿ ಹುಣ್ಣು. ಕಣ್ಣು, ಮೂಗು, ಬಾಯಿ, ಹೊಟ್ಟೆ, ಶ್ವಾಸ ಎಲ್ಲವೂ ಒಂದೇ ವಾರದಲ್ಲಿ ಕೆಟ್ಟು, ಹೊಸದಾಗಿ ಬಂದ ಆಡಿನಿಂದ ಸುತ್ತಲಿನವಕ್ಕೆ ದಾಟುತ್ತಿದ್ದರೆ ಹಿರೇಬೇನೆ ಎಂದೇ ಮೊದಲು ಅನುಮಾನಿಸಬೇಕು. ಖಚಿತ ಮಾಡಲು ವೈದ್ಯರು ಕಣ್ಣು ಮೂಗಿನ ಸ್ರಾವವನ್ನೂ ರಕ್ತವನ್ನೂ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಸತ್ತದ್ದರಿಂದಷ್ಟೇ ಅಲ್ಲ, ಜ್ವರ ಏರಿರುವ ಆಡಿನಿಂದ ತೆಗೆದ ಮಾದರಿಯಲ್ಲೇ ವೈರಸ್ ಚೆನ್ನಾಗಿ ಸಿಗುತ್ತದೆ.

ಈಗ ನಮ್ಮ ಲೆಕ್ಕದ ಹಿಂಡಿಗೆ ಬರೋಣ. ವೈರಸ್ ಕಣ್ಣೀರು, ಸಿಂಬಳ, ಜೊಲ್ಲು, ಹಿಕ್ಕೆ ಎಲ್ಲದರಲ್ಲೂ ಹೊರಬೀಳುತ್ತದೆ. ಕೆಮ್ಮಿದಾಗ ಸಿಡಿಯುವ ಹನಿಯಲ್ಲಿ ಹತ್ತಿರದ ಆಡಿಗೆ ದಾಟುತ್ತದೆ. ಕಾಯಿಲೆ ಕಣ್ಣಿಗೆ ಕಾಣುವ ಒಂದೆರಡು ದಿನ ಮೊದಲೇ ಇದು ಶುರುವಾಗಿರುತ್ತದೆ. ರಾತ್ರಿಯಿಡೀ ಆಡುಗಳು ಮೈಗೆ ಮೈ ತಾಗಿ ಮಲಗುತ್ತವೆ, ಒಂದೇ ಬಾನಿಯಲ್ಲಿ ನೀರು ಕುಡಿಯುತ್ತವೆ. ಹೋತ ಒಂದೇ ನಾಲ್ಕೈದಕ್ಕೆ ಸೋಂಕು ಕೊಟ್ಟಿತು ಅನ್ನೋಣ. ಹೋತ ಸಾಯುವ ಹೊತ್ತಿಗೆ ಆ ನಾಲ್ಕೈದೂ ಜ್ವರದಲ್ಲಿವೆ. ಸತ್ತದ್ದು ಒಂದೇ ತಾನೆ ಎಂದು ಯಜಮಾನ ಸಮಾಧಾನ ಮಾಡಿಕೊಳ್ಳುತ್ತಿರುವಾಗ ಅವು ತಲಾ ನಾಲ್ಕೈದಕ್ಕೆ ಹಂಚಿಯಾಗಿರುತ್ತದೆ. ಇನ್ನೊಂದು ವಾರಕ್ಕೆ ಇಪ್ಪತ್ತು ಇಪ್ಪತ್ತೈದು ಆಡುಗಳು ಒಟ್ಟಿಗೆ ನೆಲ ಹಿಡಿಯುತ್ತವೆ. ಯಾರೋ ವಿಷ ಹಾಕಿದರು ಎಂಬ ಅನುಮಾನ ಹುಟ್ಟುವುದು ಇಂಥ ದಿನದಲ್ಲೇ.

ಅಷ್ಟೊಂದು ಸಾಯುವುದೇಕೆ ಎಂಬುದಕ್ಕೆ ಕಾರಣ ವೈರಸ್ ಎಲ್ಲಿ ಬೆಳೆಯುತ್ತದೆ ಎನ್ನುವುದರಲ್ಲಿದೆ. ಅದು ಮೊದಲು ಹೊಕ್ಕುವುದು ರೋಗದ ವಿರುದ್ಧ ಹೋರಾಡಬೇಕಾದ ಬಿಳಿ ರಕ್ತಕಣಗಳನ್ನೇ. ಅವು ನಾಶವಾದೊಡನೆ ಅಲ್ಲಿಯತನಕ ಗಂಟಲಲ್ಲಿ ತೆಪ್ಪಗಿದ್ದ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತವೆ, ಹೊಟ್ಟೆಯ ಪರಾವಲಂಬಿಗಳು ತಲೆ ಎತ್ತುತ್ತವೆ. ಇನ್ನೊಂದೆಡೆ ವೈರಸ್ ಕರುಳಿನ ಒಳಪದರವನ್ನು ಸುಲಿದುಹಾಕುವುದರಿಂದ ನೀರು, ಉಪ್ಪು ಎಲ್ಲ ಹರಿದುಹೋಗುತ್ತದೆ. ಬಾಯಿ ಹುಣ್ಣಿನಿಂದ ತಿನ್ನಲೂ ಆಗದು. ವೈರಸ್ಸಿಗೆ ಮದ್ದಿಲ್ಲ. ವೈದ್ಯರು ಕೊಡುವ ಆಂಟಿಬಯೋಟಿಕ್ ಆ ಬ್ಯಾಕ್ಟೀರಿಯಾಗಳಿಗೆ, ಗ್ಲೂಕೋಸ್ ಮತ್ತು ಉಪ್ಪುನೀರು ಭೇದಿಯಲ್ಲಿ ಹೋದದ್ದಕ್ಕೆ. ಬಾಯಿ ತೊಳೆದು ರಾಗಿ ಗಂಜಿ ಕುಡಿಸುತ್ತ ಬೇಗ ಆರೈಕೆ ಶುರು ಮಾಡಿದರೆ ಒಂದಷ್ಟು ಉಳಿಯುತ್ತವೆ. ಉಳಿದವುಗಳಿಗೆ ಈ ರೋಗ ಮತ್ತೆ ಬರುವುದಿಲ್ಲ, ಅವು ರೋಗವನ್ನು ಮೈಯಲ್ಲಿಟ್ಟುಕೊಂಡು ಹಂಚುವುದೂ ಇಲ್ಲ.

ವೈರಸ್ ಹೊರಗೆ ಬಹಳ ಬಾಳುವುದಿಲ್ಲ. ಬಿಸಿಲು, ಒಣಗಾಳಿ, ಸಾಬೂನು ನೀರಿಗೂ ಸಾಯುತ್ತದೆ. ಹಾಗಾಗಿ ಊರಿಂದೂರಿಗೆ ಅದನ್ನು ಹೊತ್ತೊಯ್ಯುವುದು ಜೀವಂತ ಆಡುಗಳೇ. ಎರಡು ಆಡು ಸತ್ತೊಡನೆ ಉಳಿದವನ್ನಾದರೂ ಮಾರಿ ಕೈಗೆ ಕಾಸು ಮಾಡಿಕೊಳ್ಳೋಣ ಎಂದು ಜನ ಸಂತೆಗೆ ಹೊಡೆದುಕೊಂಡು ಹೋಗುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಒಂದು ಹಳ್ಳಿಯ ರೋಗ ಒಂದು ತಾಲ್ಲೂಕಿನ ರೋಗವಾಗುವುದು ಆ ಮಾರಾಟದಿಂದಲೇ ಎಂದು ಹೇಳದೆ ವಿಧಿಯಿಲ್ಲ.

ಇನ್ನು ಲಸಿಕೆ. ಹಿಮಾಚಲ ಪ್ರದೇಶದ ಸುಂಗ್ರಿಯ ಆಡಿನಿಂದ ಪಡೆದ ವೈರಸ್ಸನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಬೆಳೆಸಿ ಅದರ ಕಸುವು ಕಳೆದು ಮಾಡಿದ ‘ಸುಂಗ್ರಿ 96’ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿದೆ. ಆಡು ದೊಡ್ಡದಿರಲಿ ಚಿಕ್ಕದಿರಲಿ, ಚರ್ಮದ ಕೆಳಗೆ 1 ಮಿಲಿ. ಗಬ್ಬದ ಆಡಿಗೂ ಹಾಕಬಹುದು. ಮೂರು ತಿಂಗಳಿಗಿಂತ ಎಳೆಯ ಮರಿಗೆ ಮಾತ್ರ ಹಾಕುವುದಿಲ್ಲ. ತಾಯಿಗೆ ಲಸಿಕೆ ಆಗಿದ್ದರೆ ಗಿಣ್ಣು ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇನ್ನೂ ಇರುತ್ತದೆ, ಅದು ಲಸಿಕೆಯ ವೈರಸ್ಸನ್ನೇ ಕೊಂದುಹಾಕುತ್ತದೆ. ಮೂರು ನಾಲ್ಕು ತಿಂಗಳಿಗೆ ಆ ರಕ್ಷಣೆ ಇಳಿಯುತ್ತದೆ. ಅಲ್ಲಿಂದ ಮರಿಗೆ ತನ್ನದೇ ಲಸಿಕೆ ಬೇಕು.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿ. ಅದೇ 40ರ ಹಿಂಡಿಗೆ ಈ ಸಲ ಎಲ್ಲಕ್ಕೂ ಲಸಿಕೆ ಆಯಿತು ಎಂದುಕೊಳ್ಳಿ. ವರ್ಷದೊಳಗೆ ಯಜಮಾನ ಬಕ್ರೀದಿಗೆ, ಊರ ಜಾತ್ರೆಗೆ, ಮಗಳ ಮದುವೆಗೆಂದು ಹೋತ, ಗಂಡು ಮರಿ, ಮುದಿ ಆಡುಗಳನ್ನು ಮಾರುತ್ತಾನೆ. ಅವಳಿ ಹಾಕುವ ಆಡುಗಳಿಂದ ಅಷ್ಟೇ ಮರಿಗಳು ಹುಟ್ಟುತ್ತವೆ. ವರ್ಷದ ಕೊನೆಗೂ ತಲೆ ಎಣಿಸಿದರೆ 40 ಇವೆ. ಆದರೆ ಲಸಿಕೆ ಕಂಡದ್ದು ಹದಿನಾರೋ ಹದಿನೇಳೋ. ಹಿಂಡಿನೊಳಗೆ ರೋಗ ಹರಡದೆ ನಿಲ್ಲಬೇಕಾದರೆ ನೂರಕ್ಕೆ 70ರಿಂದ 80ರಷ್ಟಕ್ಕೆ ರಕ್ಷಣೆ ಇರಬೇಕು, ಇಲ್ಲಿ 40 ದಾಟಿದರೆ ಹೆಚ್ಚು. ಹಿಂಡಿನ ಬಲ ಮಾರಿದ ಆಡುಗಳ ಜೊತೆಗೇ ಸಂತೆಗೆ ಹೋಗಿಬಿಟ್ಟಿದೆ. ಆದ್ದರಿಂದ ಮೂರು ವರ್ಷಕ್ಕೊಮ್ಮೆ ಶಿಬಿರ ಮಾಡಿದರೆ ಸಾಲದು. ದೊಡ್ಡವಕ್ಕೆ ಮೂರು ವರ್ಷಕ್ಕೊಮ್ಮೆ ಸಾಕು, ಆದರೆ ಪ್ರತಿ ವರ್ಷವೂ ಹೊಸ ಮರಿಗಳಿಗೂ ಕೊಂಡು ತಂದವಕ್ಕೂ ಹಾಕಿಸಬೇಕು.

ಲಸಿಕೆ ಸೋಲುವ ಇನ್ನೊಂದು ಜಾಗ ಬಿಸಿಲು. ಅದೂ ಜೀವಂತ ವೈರಸ್ಸೇ ಆದ್ದರಿಂದ ಕಾಡು ವೈರಸ್ಸಿನಷ್ಟೇ ಸುಲಭವಾಗಿ ಸಾಯುತ್ತದೆ. ಸಣ್ಣ ಬಾಟಲಿಯಲ್ಲಿ ಒಣ ಪುಡಿಯ ರೂಪದಲ್ಲಿ ಬರುತ್ತದೆ, ಹೆಚ್ಚಿನವು ನೂರು ಡೋಸಿನವು. ಐಸ್‌ ಡಬ್ಬಿಯಲ್ಲೇ ಇಟ್ಟ ದ್ರಾವಣದಲ್ಲಿ ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಬ್ಬರ ಮನೆಯ ಹತ್ತು ಆಡುಗಳಿಗಾಗಿ ಬಾಟಲಿ ಒಡೆದು, ಉಳಿದ ತೊಂಬತ್ತು ಡೋಸು ಹೊತ್ತು ಬಿಸಿಲಲ್ಲಿ ಮನೆಮನೆ ಸುತ್ತಿದರೆ ಕೊನೆಯ ಮನೆಗಳಿಗೆ ಸಿಗುವುದು ಬರೀ ನೀರು. ಬೆಳಿಗ್ಗೆ ಮೇಯಲು ಬಿಡುವ ಮೊದಲೇ ಊರಿನ ಆಡುಗಳನ್ನೆಲ್ಲ ಒಂದೆಡೆ ಕೂಡಿಸಿಕೊಟ್ಟರೆ ಈ ನಷ್ಟ ತಪ್ಪುತ್ತದೆ. ಅದು ಊರಿನವರ ಕೈಯಲ್ಲೇ ಇರುವ ಕೆಲಸ.

ರೋಗ ಒಳಗೆ ಬಂದ ಮೇಲೆ ಲಸಿಕೆಗಾಗಿ ಓಡುವುದು ತಡವಾದ ಕೆಲಸ. ಚುಚ್ಚಿದ ಮೇಲೆ ರಕ್ಷಣೆ ಕಟ್ಟಲು ಸುಮಾರು ಎರಡು ವಾರ ಬೇಕು, ರೋಗ ಅಷ್ಟು ಕಾಯುವುದಿಲ್ಲ. ಸೋಂಕಿತ ಹಿಂಡಿನಲ್ಲಿ ಒಂದೇ ಸೂಜಿ ಬಳಸಿದರೆ ರೋಗವನ್ನು ಚುಚ್ಚಿ ಹಂಚಿದಂತೆಯೂ ಆದೀತು. ಆಗ ಲಸಿಕೆ ಬೇಕಾದದ್ದು ಸುತ್ತಲಿನ ಊರುಗಳ ಆರೋಗ್ಯವಂತ ಹಿಂಡುಗಳಿಗೆ. ರೋಗ ಬಂದ ಹಿಂಡಿನಲ್ಲಿ ಕಾಯಿಲೆಯವನ್ನು ಬೇರೆ ಕಟ್ಟಿ, ಸತ್ತವನ್ನು ಸುಣ್ಣ ಹಾಕಿ ಆಳವಾಗಿ ಹೂಳಬೇಕು, ಒಂದನ್ನೂ ಸಂತೆಗೆ ಹೊಡೆಯಬಾರದು. ಇದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ಕಾಯ್ದೆಯಡಿ ವರದಿ ಮಾಡಲೇಬೇಕಾದ ರೋಗ. ವೈದ್ಯರಿಗೆ ಹೇಳುವುದರಿಂದ ಪಕ್ಕದ ಊರಿನ ಹಿಂಡುಗಳು ಉಳಿಯುತ್ತವೆ.

ಆಡು ಸಾಕುವವರಲ್ಲಿ ಎರಡೇ ಮಾತು ಕೇಳಿಕೊಳ್ಳುತ್ತೇನೆ. ಸಂತೆಯಿಂದ ತಂದ ಆಡನ್ನು ಮೂರು ವಾರ ಬೇರೆಯೇ ಕಟ್ಟಿ, ನೀರು ಮೇವಿನ ಪಾತ್ರೆಯೂ ಬೇರೆಯಿರಲಿ. ಈ ವರ್ಷ ಹುಟ್ಟಿದ ಮರಿಗಳ ಲೆಕ್ಕ ಬರೆದಿಟ್ಟು, ಮೂರು ತಿಂಗಳು ತುಂಬಿದವು ಎಷ್ಟಿವೆ ಎಂದು ನಿಮ್ಮ ಪಶು ಆಸ್ಪತ್ರೆಗೆ ಹೋಗಿ ತಿಳಿಸಿ, ಲಸಿಕೆ ಕೇಳಿ. ಹೋಗಲಾಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.