ಗೇಮ್‌ನ ಎಚ್‌ಡಿಆರ್ ಸ್ಲೈಡರ್ ಪೂರ್ತಿ ಏರಿಸಿದರೆ ಚಿತ್ರ ಇನ್ನೂ ಚೆನ್ನಾಗಿ ಕಾಣುತ್ತದೆಯೇ?

‘ಎಚ್‌ಡಿಆರ್ ಆನ್ ಮಾಡಿ, ಪೀಕ್ ಬ್ರೈಟ್‌ನೆಸ್, ಪೇಪರ್ ವೈಟ್ ಎರಡನ್ನೂ ಕೊನೆಯವರೆಗೆ ಎಳೆಯಿರಿ, ಗೇಮ್ ಹೇಗೆ ಹೊಳೆಯುತ್ತದೆ ನೋಡಿ.’ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್ ಇರುವವರ ಗುಂಪುಗಳಲ್ಲಿ ಈ ಬಗೆಯ ಸಲಹೆ ಆಗಾಗ ಓಡಾಡುತ್ತಿರುತ್ತದೆ. ಕೆಲವರು ತಮ್ಮ ಟಿವಿಯ ಫೋಟೊ ತೆಗೆದು, ‘ನನ್ನ ನಂಬರ್ ಇದು, ನೀವೂ ಇದನ್ನೇ ಹಾಕಿ’ ಎಂದು ಕಳಿಸುವುದೂ ಉಂಟು. ಈ ಸಲಹೆ ಸರಿಯೇ?

ಸರಿಯಲ್ಲ. ಸ್ಲೈಡರ್ ಪೂರ್ತಿ ಏರಿಸಿದರೆ ಸೂರ್ಯ, ಮೋಡ, ಬೆಂಕಿ, ದೀಪದಂಥ ಪ್ರಕಾಶಮಾನವಾದ ಜಾಗಗಳಲ್ಲಿ ಇರಬೇಕಾದ ಸೂಕ್ಷ್ಮ ವಿವರಗಳು ಅಳಿಸಿಹೋಗಿ, ಅಲ್ಲಿ ಬರೀ ಬಿಳಿ ಕಲೆ ಉಳಿಯುತ್ತದೆ. ಯಾಕೆ ಹೀಗಾಗುತ್ತದೆ, ನಿಮ್ಮ ಟಿವಿಗೆ ಸರಿಯಾದ ಅಂಕಿಯನ್ನು ಕಂಡುಕೊಳ್ಳುವುದು ಹೇಗೆ ಎಂದು ನೋಡೋಣ.

ಪೀಕ್ ಬ್ರೈಟ್‌ನೆಸ್ ಎಂದರೆ ಬೆಳಕು ಹೆಚ್ಚಿಸುವ ಗುಂಡಿಯಲ್ಲ

ಪರದೆಯ ಬೆಳಕನ್ನು ‘ನಿಟ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಪರದೆಯಿಂದ ಸುಮಾರು ಒಂದು ಮೇಣದಬತ್ತಿಯಷ್ಟು ಬೆಳಕು ಹೊಮ್ಮಿದರೆ ಅದು ಒಂದು ನಿಟ್. ಎಚ್‌ಡಿಆರ್10 ಸಿಗ್ನಲ್‌ನಲ್ಲಿ 10,000 ನಿಟ್‌ವರೆಗಿನ ಬೆಳಕನ್ನು ಬರೆದು ಕಳಿಸಬಹುದು. ಆದರೆ ನಮ್ಮ ಮನೆಯ ಟಿವಿಗಳಿಗೆ ಅಷ್ಟು ಶಕ್ತಿಯಿಲ್ಲ. ಎಚ್‌ಡಿಆರ್ ಎಂದು ಬರೆದಿರುವ ಅಗ್ಗದ ಟಿವಿಗಳು 300 ನಿಟ್ ಆಸುಪಾಸಿನಲ್ಲೇ ನಿಲ್ಲುತ್ತವೆ. ಒಳ್ಳೆಯ ಟಿವಿಗಳು 700, 1000 ಅಥವಾ ಅದಕ್ಕೂ ಮೇಲೆ ಹೋಗುತ್ತವೆ.

ಗೇಮ್‌ಗೆ ನಿಮ್ಮ ಟಿವಿಯ ಮಿತಿ ಎಷ್ಟೆಂದು ತಿಳಿಯದು. ಅದನ್ನು ತಿಳಿಸುವುದೇ ಪೀಕ್ ಬ್ರೈಟ್‌ನೆಸ್ ಸ್ಲೈಡರ್‌ನ ಕೆಲಸ. ಅಂದರೆ ಅದು ‘ನಮ್ಮ ಮನೆಯ ಸೂರು ಇಷ್ಟು ಎತ್ತರವಿದೆ’ ಎಂದು ಬಡಗಿಗೆ ಕೊಡುವ ಅಳತೆ ಇದ್ದಂತೆ. ಏಳು ಅಡಿಯ ಸೂರಿನ ಮನೆಗೆ ಹತ್ತು ಅಡಿ ಎಂದು ಹೇಳಿ ಬೀರು ಮಾಡಿಸಿದರೆ ಸೂರು ಎತ್ತರವಾಗುವುದಿಲ್ಲ, ಬೀರುವಿನ ಮೇಲ್ಭಾಗವನ್ನೇ ಕತ್ತರಿಸಬೇಕಾಗುತ್ತದೆ.

ಒಂದು ಉದಾಹರಣೆ

ನಿಮ್ಮ ಟಿವಿ 700 ನಿಟ್ ತಲುಪುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಅದು ಹಾಗೇ ಕತ್ತರಿಸುತ್ತದೆ ಎಂದುಕೊಳ್ಳಿ. ಗೇಮ್‌ನಲ್ಲಿ ಸಂಜೆಯ ಆಕಾಶ. ತೆಳುವಾದ ಮೋಡ, ಅದರ ಹೊಳೆಯುವ ಅಂಚು, ಸೂರ್ಯನ ಸುತ್ತಲಿನ ಪ್ರಭೆ, ನಡುವೆ ಸೂರ್ಯ. ಕೆಳಗಿನ ಅಂಕಿಗಳು ವಿಷಯ ಅರ್ಥವಾಗಲೆಂದು ಕೊಟ್ಟವು.

ನೀವು ಸ್ಲೈಡರನ್ನು 4000ಕ್ಕೆ ಇಟ್ಟಿದ್ದೀರಿ. ಗೇಮ್ ಅದನ್ನು ನಂಬಿ ಮೋಡಕ್ಕೆ 600, ಮೋಡದ ಅಂಚಿಗೆ 1100, ಪ್ರಭೆಗೆ 2200, ಸೂರ್ಯನಿಗೆ 4000 ನಿಟ್ ಕಳಿಸುತ್ತದೆ. ಟಿವಿ 700ಕ್ಕಿಂತ ಮೇಲೆ ಹೋಗದು. ಹಾಗಾಗಿ ಅಂಚು, ಪ್ರಭೆ, ಸೂರ್ಯ ಮೂರೂ 700 ನಿಟ್‌ನಲ್ಲೇ ಕಾಣುತ್ತವೆ. ಸೂರ್ಯ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ.

ಈಗ ಸ್ಲೈಡರನ್ನು 700ಕ್ಕೆ ಇಳಿಸಿ. ಸೂರು ಎಲ್ಲಿದೆ ಎಂದು ತಿಳಿದ ಗೇಮ್ ತನ್ನ ಬೆಳಕನ್ನು ಅದರೊಳಗೆ ಹೊಂದಿಸಿಕೊಳ್ಳುತ್ತದೆ. ಮೋಡ 350, ಅಂಚು 470, ಪ್ರಭೆ 580, ಸೂರ್ಯ 700. ಸೂರ್ಯನ ಹೊಳಪು ಮೊದಲಿನಷ್ಟೇ ಇದೆ, ಏಕೆಂದರೆ ಆಗಲೂ ಟಿವಿ ಕೊಟ್ಟಿದ್ದು 700 ಮಾತ್ರ. ಆದರೆ ಈಗ ನಾಲ್ಕೂ ಬೇರೆ ಬೇರೆಯಾಗಿ ಕಾಣುತ್ತವೆ.

ಸ್ಲೈಡರನ್ನು ತೀರಾ ಇಳಿಸುವುದೂ ತಪ್ಪು. 300ಕ್ಕೆ ಇಟ್ಟರೆ ವಿವರಗಳು ಉಳಿಯುತ್ತವೆ, ಆದರೆ ಟಿವಿಯ ಮೇಲಿನ 400 ನಿಟ್ ಬಳಕೆಗೇ ಬಾರದೆ ಸೂರ್ಯ ಮಂಕಾಗಿ ಕಾಣುತ್ತದೆ.

ಪೇಪರ್ ವೈಟ್ ಏನು ಮಾಡುತ್ತದೆ?

ದೃಶ್ಯದಲ್ಲಿ ಒಂದು ಬಿಳಿ ಹಾಳೆ ಅಥವಾ ಸುಣ್ಣ ಬಳಿದ ಗೋಡೆ ಇದೆ ಎಂದುಕೊಳ್ಳಿ. ಅದು ತಾನಾಗಿ ಬೆಳಗುವುದಿಲ್ಲ, ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ ಅಷ್ಟೆ. ಇಂಥ ಮಾಮೂಲಿ ಬಿಳಿ ಎಷ್ಟು ನಿಟ್‌ನಲ್ಲಿ ಕಾಣಬೇಕು ಎಂದು ಹೇಳುವುದು ಪೇಪರ್ ವೈಟ್. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಎಚ್‌ಡಿಆರ್ ಮಾರ್ಗಸೂಚಿಯಲ್ಲಿ ಇದಕ್ಕೆ 203 ನಿಟ್ ಎಂಬ ಆಧಾರ ಮಟ್ಟವಿದೆ.

ಪೇಪರ್ ವೈಟ್‌ಗೂ ಪೀಕ್‌ಗೂ ನಡುವಿನ ಅಂತರವೇ ಎಚ್‌ಡಿಆರ್‌ನ ನಿಜವಾದ ಬಂಡವಾಳ. 700 ನಿಟ್ ಟಿವಿಯಲ್ಲಿ ಪೇಪರ್ ವೈಟ್ 200 ಇದ್ದರೆ, ಸೂರ್ಯ ಬಿಳಿ ಗೋಡೆಗಿಂತ ಮೂರೂವರೆ ಪಟ್ಟು ಹೊಳೆಯಬಲ್ಲದು. ಅದನ್ನು 500ಕ್ಕೆ ಏರಿಸಿದರೆ ಒಂದೂವರೆ ಪಟ್ಟೂ ಉಳಿಯುವುದಿಲ್ಲ. ಇಡೀ ಚಿತ್ರ ಬೆಳ್ಳಗಾಗುತ್ತದೆ, ಕಣ್ಣು ಅದಕ್ಕೇ ಹೊಂದಿಕೊಳ್ಳುತ್ತದೆ, ಸೂರ್ಯ ವಿಶೇಷ ಎನಿಸುವುದೇ ಇಲ್ಲ. ಮದುವೆಮನೆಯ ಗದ್ದಲದಲ್ಲಿ ಒಬ್ಬರು ಕೂಗಿದರೂ ಯಾರಿಗೂ ಕೇಳಿಸದಂತೆ.

ಒಎಲ್ಇಡಿ ಟಿವಿ ಇದ್ದವರು ಇನ್ನೊಂದು ವಿಷಯ ಗಮನಿಸಬೇಕು. ಇವು ಪರದೆಯ ಸಣ್ಣ ಭಾಗದಲ್ಲಿ ಮಾತ್ರ ಪೂರ್ತಿ ಹೊಳಪು ಕೊಡುತ್ತವೆ. ಇಡೀ ಪರದೆ ಬಿಳಿಯಾದರೆ ಬೆಳಕನ್ನು ತಾವೇ ಬಹಳಷ್ಟು ಇಳಿಸಿಕೊಳ್ಳುತ್ತವೆ. ಪೇಪರ್ ವೈಟ್ ಜಾಸ್ತಿ ಇಟ್ಟು ಹಿಮ ತುಂಬಿದ ಬಯಲಿಗೆ ಬಂದರೆ ಚಿತ್ರ ಇದ್ದಕ್ಕಿದ್ದಂತೆ ಮಂಕಾಗುವುದು ಇದೇ ಕಾರಣಕ್ಕೆ. ಟಿವಿ ಕೆಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ.

ಹಂತ ಹಂತವಾಗಿ ಹೊಂದಿಸುವುದು ಹೇಗೆ?

ಮೊದಲು ಟಿವಿ. ಗೇಮ್ ಮೋಡ್ ಆನ್ ಮಾಡಿ, ವಿದ್ಯುತ್ ಉಳಿತಾಯದ ಆಯ್ಕೆಯನ್ನು ಆಫ್ ಮಾಡಿ. ಟೋನ್ ಮ್ಯಾಪಿಂಗ್ ಎಂಬ ಆಯ್ಕೆಯಲ್ಲಿ `HGIG` ಇದ್ದರೆ ಅದನ್ನೇ ಆರಿಸಿ. ಟೋನ್ ಮ್ಯಾಪಿಂಗ್ ಎಂದರೆ ಹೆಚ್ಚಿನ ಬೆಳಕನ್ನು ಟಿವಿಯ ಮಿತಿಯೊಳಗೆ ಕುಗ್ಗಿಸುವ ಕೆಲಸ. ಗೇಮ್ ಒಮ್ಮೆ ಕುಗ್ಗಿಸಿ, ಟಿವಿ ಮತ್ತೊಮ್ಮೆ ಕುಗ್ಗಿಸಿದರೆ ನಮ್ಮ ಲೆಕ್ಕ ತಪ್ಪುತ್ತದೆ. ಆ ಕೆಲಸವನ್ನು ಗೇಮ್‌ಗೆ ಬಿಟ್ಟು ಸುಮ್ಮನಿರು ಎಂದು ಟಿವಿಗೆ ಹೇಳುವುದೇ ಎಚ್‌ಜಿಐಜಿ. ಅದು ಇಲ್ಲದಿದ್ದರೆ ಡೈನಾಮಿಕ್ ಟೋನ್ ಮ್ಯಾಪಿಂಗನ್ನಾದರೂ ಆಫ್ ಮಾಡಿ.

ಎರಡನೆಯದು ಕನ್ಸೋಲ್. ಪಿಎಸ್5ರಲ್ಲಿ `Settings > Screen and Video > Video Output > Adjust HDR`, ಎಕ್ಸ್‌ಬಾಕ್ಸ್‌ನಲ್ಲಿ `Settings > General > TV & display options > Calibrate HDR for games` ತೆರೆಯಿರಿ. ಕೆಲವು ಗೇಮ್‌ಗಳು ಇಲ್ಲಿನ ಅಂಕಿಯನ್ನೇ ತೆಗೆದುಕೊಳ್ಳುತ್ತವೆ, ಅವುಗಳಲ್ಲಿ ಬೇರೆ ಸ್ಲೈಡರ್ ಇರದೆಯೂ ಇರಬಹುದು.

ಮೂರನೆಯದು ಗೇಮ್‌ನ ಪೀಕ್ ಬ್ರೈಟ್‌ನೆಸ್. ಇದರ ಹೆಸರು ಗೇಮ್‌ನಿಂದ ಗೇಮ್‌ಗೆ ಬದಲಾಗುತ್ತದೆ. ಸೈಬರ್‌ಪಂಕ್ 2077ರಲ್ಲಿ ಇದು `Maximum Brightness`. ಹಲವು ಗೇಮ್‌ಗಳು ಇಲ್ಲೊಂದು ಚಿಹ್ನೆ ತೋರಿಸಿ, ಅದು ಮಾಯವಾಗುವವರೆಗೆ ಏರಿಸಿ ಎನ್ನುತ್ತವೆ. ಹೆಚ್ಚಿನವರು ಎಡವುವುದು ಇಲ್ಲೇ. ಸಾಮಾನ್ಯವಾಗಿ ಚಿಹ್ನೆಯ ಸುತ್ತ ಟಿವಿಯ ಮಿತಿ ಮೀರಿದ ಬಿಳಿ ಇರುತ್ತದೆ, ಚಿಹ್ನೆ ಮಾತ್ರ ಸ್ಲೈಡರ್‌ನ ಮಟ್ಟದಲ್ಲಿ ಬೆಳಗುತ್ತದೆ. ಸ್ಲೈಡರ್ 700 ಮುಟ್ಟಿದಾಗ ಎರಡೂ ಒಂದಾಗಿ ಚಿಹ್ನೆ ಕರಗುತ್ತದೆ. ಆಮೇಲೆ 1000, 2000, 4000 ಎಂದು ಏರಿಸುತ್ತಾ ಹೋದರೂ ಪರದೆಯಲ್ಲಿ ಏನೂ ಬದಲಾಗದು. ‘ಏನೂ ಆಗಲಿಲ್ಲವಲ್ಲ, ಪೂರ್ತಿ ಏರಿಸಿದರೆ ತೊಂದರೆಯಿಲ್ಲ’ ಎಂದು ಅನಿಸುವುದು ಹೀಗೆ. ತೊಂದರೆ ಗೊತ್ತಾಗುವುದು ಆಟ ಶುರುವಾದ ಮೇಲೆ, ಆಕಾಶ ನೋಡಿದಾಗ. ಹಾಗಾಗಿ ಸ್ಲೈಡರನ್ನು ಕೆಳಗಿನಿಂದ ನಿಧಾನವಾಗಿ ಏರಿಸಿ, ಚಿಹ್ನೆ ಮೊದಲ ಬಾರಿ ಕರಗುವ ಜಾಗದಲ್ಲೇ ನಿಲ್ಲಿಸಿ.

ನಾಲ್ಕನೆಯದು ಪೇಪರ್ ವೈಟ್. ಇದಕ್ಕೆ ಪರೀಕ್ಷೆಯ ಚಿಹ್ನೆ ಇಲ್ಲ, ನಿಮ್ಮ ಕಣ್ಣು ಮತ್ತು ಕೋಣೆಯ ಬೆಳಕೇ ಆಧಾರ. 700 ನಿಟ್ ಅಥವಾ ಅದಕ್ಕಿಂತ ಹೆಚ್ಚಿನ ಟಿವಿಯಾದರೆ 200ರಿಂದ ಶುರುಮಾಡಿ. ರಾತ್ರಿ ದೀಪ ಆರಿಸಿ ಆಡುವವರು ಅದಕ್ಕಿಂತ ಸ್ವಲ್ಪ ಇಳಿಸಬಹುದು, ಹಗಲು ಕಿಟಕಿ ತೆರೆದು ಆಡುವವರು ಸ್ವಲ್ಪ ಏರಿಸಬಹುದು. 300 ನಿಟ್ ಟಿವಿಯಲ್ಲಿ 200 ಇಟ್ಟರೆ ಮೇಲೆ ಜಾಗವೇ ಉಳಿಯುವುದಿಲ್ಲ, ಅಲ್ಲಿ 100ರಿಂದ 150ರೊಳಗೆ ಪ್ರಯತ್ನಿಸಿ.

ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಆಟದೊಳಗೆ ಮೋಡವಿರುವ ಆಕಾಶ, ಬೆಂಕಿ ಅಥವಾ ನಿಯಾನ್ ಫಲಕ ಇರುವ ಕಡೆ ನಿಲ್ಲಿ. ಸೂರ್ಯನ ಅಂಚು, ಜ್ವಾಲೆಯೊಳಗಿನ ಪದರ, ನಿಯಾನ್ ದೀಪದ ಬಣ್ಣ ಕಾಣಬೇಕು. ಎಲ್ಲವೂ ಬಿಳಿ ಕಲೆಯಾಗಿದ್ದರೆ ಪೀಕ್ ಹೆಚ್ಚಾಗಿದೆ. ಮೆನುವಿನ ಬಿಳಿ ಅಕ್ಷರ, ಸಾಧಾರಣ ಗೋಡೆ ಕಣ್ಣು ಕುಕ್ಕುತ್ತಿದ್ದರೆ ಪೇಪರ್ ವೈಟ್ ಹೆಚ್ಚಾಗಿದೆ. ಮಧ್ಯಾಹ್ನದ ಬೀದಿಯೂ ಮುಸ್ಸಂಜೆಯಂತೆ ಕಂಡರೆ ಪೇಪರ್ ವೈಟ್ ಕಡಿಮೆಯಾಗಿದೆ.

ಚಿಹ್ನೆ 4000 ದಾಟಿದರೂ ಕರಗದಿದ್ದರೆ? ಟಿವಿ ಇನ್ನೂ ತಾನೇ ಕುಗ್ಗಿಸುತ್ತಿದೆ ಎಂದರ್ಥ. ಮೊದಲ ಹಂತಕ್ಕೆ ಹಿಂದಿರುಗಿ ಟೋನ್ ಮ್ಯಾಪಿಂಗ್ ಆಯ್ಕೆಯನ್ನು ನೋಡಿ. ಆ ಆಯ್ಕೆಯೇ ಇಲ್ಲದ ಟಿವಿಯಾದರೆ ಚಿಹ್ನೆಯನ್ನು ನಂಬದೆ, ಮೇಲೆ ಹೇಳಿದಂತೆ ಮೋಡ ನೋಡಿಕೊಂಡು ಪೀಕ್ ಇಳಿಸುತ್ತಾ ಬನ್ನಿ.

ಇದರಿಂದ ಎಲ್ಲವೂ ಸರಿಹೋಗುವುದಿಲ್ಲ. ಕೆಲವು ಗೇಮ್‌ಗಳಲ್ಲಿ ಎಚ್‌ಡಿಆರ್ ಅನ್ನೇ ಸರಿಯಾಗಿ ಅಳವಡಿಸಿರುವುದಿಲ್ಲ. 300 ನಿಟ್‌ನ ಟಿವಿಯಲ್ಲಿ ಕೆಲವೊಮ್ಮೆ ಎಚ್‌ಡಿಆರ್ ಆಫ್ ಮಾಡಿದರೇ ಚಿತ್ರ ಹಿತವಾಗಿರುತ್ತದೆ.

ಹಾಗಾದರೆ ಬೇರೆಯವರ ನಂಬರ್?

ಅದು ಅವರ ಟಿವಿಯ ಮಿತಿ, ಅವರ ಕೋಣೆಯ ಬೆಳಕು. 1500 ನಿಟ್ ಟಿವಿಯವರ ಅಂಕಿಯನ್ನು 700 ನಿಟ್ ಟಿವಿಗೆ ಹಾಕಿದರೆ ಮೇಲಿನ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತರಿಸಿಹೋಗುತ್ತದೆ. ಟಿವಿ ಪರದೆಯ ಫೋಟೊವನ್ನೂ ನಂಬುವಂತಿಲ್ಲ. ಫೋನ್ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಬೆಳಕನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಟಿವಿಯಲ್ಲಿ ಚೆನ್ನಾಗಿ ಕಂಡ ಮೋಡ ಫೋಟೊದಲ್ಲಿ ಬಿಳಿ ಕಲೆಯಾಗಬಹುದು, ಮಂಕಾಗಿದ್ದ ಚಿತ್ರ ಫೋಟೊದಲ್ಲಿ ಹೊಳೆಯಬಹುದು.

ಯಾರಿಗಾದರೂ ಕಳಿಸುವುದಿದ್ದರೆ ಅಂಕಿಯ ಬದಲು ವಿಧಾನವನ್ನು ಕಳಿಸಿ: ಟಿವಿಯಲ್ಲಿ ಎಚ್‌ಜಿಐಜಿ, ಚಿಹ್ನೆ ಮೊದಲು ಕರಗಿದಲ್ಲಿ ಪೀಕ್, 200ರ ಆಸುಪಾಸಿನಿಂದ ಪೇಪರ್ ವೈಟ್, ಕೊನೆಗೆ ಮೋಡ ನೋಡಿ ಪರೀಕ್ಷೆ.