ಅತಿಘನವೂ ಗ್ರೇ ಸಂಕೇತದ ಪರಿಕ್ರಮವೂ

0, 1 ಎಂಬ ಅಂಕಗಳ n ಸ್ಥಾನದ ಸಾಲುಗಳನ್ನು ಶೃಂಗಗಳೆಂದು ಭಾವಿಸಿ, ಒಂದೇ ಸ್ಥಾನದಲ್ಲಿ ಭಿನ್ನವಾದವುಗಳನ್ನು ಅಂಚಿನಿಂದ ಜೋಡಿಸಿದರೆ ಅತಿಘನವೆಂಬ ಆಲೇಖವು ದೊರೆಯುತ್ತದೆ. ಶೃಂಗಗಳು 2^n. ಪ್ರತಿಯೊಂದರಿಂದಲೂ n ಅಂಚುಗಳು ಹೊರಡುತ್ತವೆ. ಹೀಗೆ ಎಣಿಸುವಾಗ ಒಂದೊಂದು ಅಂಚೂ ಎರಡು ಸಲ ಬರುವುದರಿಂದ ಅಂಚುಗಳು n·2^(n−1). ನಮಗೆ ಪರಿಚಿತವಾದ ಘನದಲ್ಲಿ n=3; ಆಗ ಇವು 8 ಮತ್ತು 12.

ಅಂಚನ್ನು ದಾಟಿದಾಗಲೆಲ್ಲ 1ರ ಸಂಖ್ಯೆಯು ಸಮವಿದ್ದರೆ ಬೆಸವಾಗುವುದು, ಬೆಸವಿದ್ದರೆ ಸಮವಾಗುವುದು. ಆದುದರಿಂದ ಆಲೇಖವು ದ್ವಿಭಾಗಿ. ಬೆಸ ಉದ್ದದ ಚಕ್ರ ಇದರಲ್ಲಿ ಇರಲಾರದು.

ಎಲ್ಲ ಶೃಂಗಗಳನ್ನೂ ಒಂದೊಂದೇ ಸಲ ಮುಟ್ಟಿ ಮರಳುವ ಚಕ್ರವುಂಟೆ? n ಎರಡಾಗಲಿ, ಹೆಚ್ಚಾಗಲಿ, ಉಂಟು. 00, 01, 11, 10 ಎಂಬ ಸರಣಿಯ ಮುಂದೆ 0 ಹಚ್ಚಿ, ಬಳಿಕ ಅದನ್ನೇ ತಿರುಗುಮುರುಗಾಗಿಸಿ 1 ಹಚ್ಚಿರಿ: 000, 001, 011, 010, 110, 111, 101, 100. ಕೊನೆಯದರಿಂದ ಮೊದಲನೆಯದಕ್ಕೂ ಒಂದೇ ಹೆಜ್ಜೆ. ವಾಡಿಕೆಯ ಎಣಿಕೆಯಲ್ಲಿ 011ರ ಬಳಿಕ 100. ಮೂರೂ ಅಂಕಗಳು ಒಮ್ಮೆಗೇ ಬದಲಾಗದಿದ್ದರೆ ಯಂತ್ರದ ಓದು ತಪ್ಪುವುದು. ಫ್ರಾಂಕ್ ಗ್ರೇ 1953ರಲ್ಲಿ ಪೇಟೆಂಟ್ ಪಡೆದ ಈ ಸಂಕೇತದಲ್ಲಿ ಆ ಭಯವಿಲ್ಲ.