ಉಳಿದ ಕೆಲಸ, ಹಿಡಿದ ಹಣ: ಬಡಗಿಗೆ ಒಂದು ಪತ್ರ

ಅಡುಗೆಮನೆಯ ಕಪಾಟು ಮುಗಿದಿದೆ, ವಾರ್ಡ್‌ರೋಬ್ ನಿಂತಿದೆ, ಲಾಫ್ಟ್‌ಗೆ ಮಾತ್ರ ಬಾಗಿಲಿಲ್ಲ. ಬಡಗಿಗೆ ಫೋನ್ ಮಾಡಿದರೆ ಎತ್ತುತ್ತಾರೆ, "ನಾಳೆ ಹುಡುಗ್ರನ್ನ ಕಳಿಸ್ತೀನಿ ಸಾರ್" ಅನ್ನುತ್ತಾರೆ. ಹುಡುಗರು ಮಾತ್ರ ಬರುವುದಿಲ್ಲ. ಮನೆಯಲ್ಲಿ ಮರಗೆಲಸ ಮಾಡಿಸಿದ ಬಹಳ ಮಂದಿಗೆ ಇದು ಗೊತ್ತಿರುವ ಕಥೆ.

ಬಡಗಿ ಮೋಸಗಾರ ಅಂತ ತೀರ್ಮಾನಿಸುವ ಮೊದಲು ಅವರ ಲೆಕ್ಕವನ್ನೂ ನೋಡಬೇಕು. ಉಳಿದಿರುವುದು ಚಿಲ್ಲರೆ ಕೆಲಸ. ಅದಕ್ಕೆ ಕೈ ಕುದುರಿದ ಕೆಲಸಗಾರನೇ ಎರಡು ಮೂರು ದಿನ ಬೇಕು. ಅಷ್ಟರಲ್ಲಿ ಇನ್ನೊಂದು ಮನೆಯ ಮುಂಗಡ ಕೈಗೆ ಬಂದಿರುತ್ತದೆ, ಆ ಮನೆಯವರೂ ಫೋನ್ ಮಾಡುತ್ತಿರುತ್ತಾರೆ. ನಮ್ಮಿಂದ ಬರಬೇಕಾದ ಬಾಕಿ ಸಣ್ಣದಾದರೆ ಬಿಟ್ಟರೂ ಆಯಿತು ಅನ್ನಿಸುತ್ತದೆ. ಬಾಕಿ ದೊಡ್ಡದಾಗಿದ್ದು ನಾವು ಕೊಡುವ ಭರವಸೆಯೇ ಇಲ್ಲದಿದ್ದರೂ ಹಾಗೆಯೇ. ಹಾಗಾಗಿ ಯಾವ ದಿನ ಎಷ್ಟು ಹಣ ಎಂಬುದು ಅವರಿಗೆ ಕಣ್ಣಿಗೆ ಕಾಣಬೇಕು. ಪತ್ರ ಬರೆಯುವುದು ಅದಕ್ಕೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೈಸೂರಿನ ಒಂದು ಮನೆ. ಒಟ್ಟು ಮರಗೆಲಸದ ಗುತ್ತಿಗೆ 1,80,000 ರೂಪಾಯಿ. ಕೊಟ್ಟಿರುವುದು 1,40,000, ಬಾಕಿ 40,000. ಉಳಿದ ಕೆಲಸವನ್ನು ಇನ್ನೊಬ್ಬ ಬಡಗಿಗೆ ತೋರಿಸಿದಾಗ ಸಾಮಾನು, ಕೂಲಿ ಸೇರಿ 22,000 ಆಗುತ್ತದೆ ಅಂದಿದ್ದಾರೆ. ಈ ಒಂದು ಅಂಕಿ ಇಲ್ಲದೆ ಪತ್ರ ಬರೆಯಲು ಕೂರಬೇಡಿ. ಕೈಯಲ್ಲಿರುವ ಬಾಕಿ ಉಳಿದ ಕೆಲಸದ ಬೆಲೆಗಿಂತ ಹೆಚ್ಚಿದೆಯೋ ಕಡಿಮೆ ಇದೆಯೋ ಅಂತ ಗೊತ್ತಾಗುವುದು ಅದರಿಂದಲೇ. ಕಡಿಮೆಯಿದ್ದರೆ ಪತ್ರಕ್ಕೆ ಬಲ ಕಡಿಮೆ. ಕೆಲಸ ಮುಗಿಯುವವರೆಗೆ ಇನ್ನೊಂದು ರೂಪಾಯಿಯನ್ನೂ ಕೊಡದಿರುವುದೊಂದೇ ಆಗ ಉಳಿಯುವ ದಾರಿ.

ಇನ್ನೊಂದು ತಯಾರಿಯೂ ಇದೆ. ನಮ್ಮ ಕಡೆಯಿಂದಲೇ ಏನಾದರೂ ನಿಂತಿದೆಯೇ ಅಂತ ನೋಡಿಕೊಳ್ಳಬೇಕು. ಹ್ಯಾಂಡಲ್ ಯಾವುದು ಅಂತ ನಾವು ಹೇಳಿಯೇ ಇಲ್ಲ, ಸಿಂಕ್ ಕೆಳಗೆ ಪ್ಲಂಬರ್ ಕೆಲಸ ಆಗಿಲ್ಲ, ಲ್ಯಾಮಿನೇಟ್ ಬಣ್ಣ ನಡುವೆ ಬದಲಿಸಿದ್ದೇವೆ ಎಂಬಂಥವು. ಇವುಗಳಲ್ಲಿ ಒಂದು ಬಾಕಿಯಿದ್ದರೂ ನಾವು ಹಾಕುವ ಗಡುವಿಗೆ ಬೆಲೆಯಿಲ್ಲ, ಬಡಗಿಗೆ ಸಿದ್ಧ ಉತ್ತರ ಸಿಕ್ಕಂತೆ.

ಪತ್ರ ಹೀಗಿರಬಹುದು:

ದಿನಾಂಕ: 3 ನವೆಂಬರ್ 2025

ಮಾನ್ಯರೇ,

ನಮ್ಮ ಮನೆಯ ಮರಗೆಲಸಕ್ಕೆ ಒಪ್ಪಿದ ಮೊತ್ತ 1,80,000 ರೂ. ಇದುವರೆಗೆ ತಮಗೆ ಸಂದಿರುವುದು 1,40,000 ರೂ. ಇಂದಿಗೆ ಉಳಿದಿರುವ ಕೆಲಸ:

1. ಅಡುಗೆಮನೆ ಲಾಫ್ಟ್‌ನ ನಾಲ್ಕು ಬಾಗಿಲು, ಹಿಂಜ್ ಮತ್ತು ಹ್ಯಾಂಡಲ್ ಸಹಿತ.
2. ವಾರ್ಡ್‌ರೋಬ್‌ನ ಎರಡು ಡ್ರಾಯರ್: ಚಾನೆಲ್ ಸರಿಪಡಿಸಿ, ಪೂರ್ತಿ ಒಳಗೆ ಹೋಗಿ ಮುಚ್ಚುವಂತೆ.
3. ಸಿಂಕ್ ಕೆಳಗಿನ ಬಾಗಿಲು: ಎಡ್ಜ್ ಬ್ಯಾಂಡ್ ಎದ್ದಿದೆ, ಹೊಸ ಬಾಗಿಲು ಹಾಕಬೇಕು.
4. ಅಡುಗೆಮನೆಯ ಕೆಳ ಕಪಾಟುಗಳಿಗೆ ಪಿವಿಸಿ ಸ್ಕರ್ಟಿಂಗ್.

ಹ್ಯಾಂಡಲ್ ನಾವು ತಂದಿಟ್ಟಿದ್ದೇವೆ, ಪ್ಲಂಬರ್ ಕೆಲಸ ಮುಗಿದಿದೆ. ಈ ನಾಲ್ಕೂ ಕೆಲಸವನ್ನು 22 ನವೆಂಬರ್ 2025, ಶನಿವಾರ ಸಂಜೆಯೊಳಗೆ ಮುಗಿಸಿಕೊಡಬೇಕು.

ಬಾಕಿ 40,000 ರೂ. ಕೊಡುವ ಬಗೆ: ಪ್ಲೈವುಡ್, ಲ್ಯಾಮಿನೇಟ್, ಚಾನೆಲ್ ಮನೆಗೆ ಬಂದ ದಿನ 10,000, ನಾಲ್ಕೂ ಕೆಲಸ ಮುಗಿದು ಇಬ್ಬರೂ ಸೇರಿ ನೋಡಿದ ದಿನ 21,000, ಉಳಿದ 9,000 ರೂ. 6 ಜನವರಿ 2026ರಂದು. ಈ ನಡುವೆ ಬಾಗಿಲು ಇಳಿದರೆ, ಡ್ರಾಯರ್ ಸಿಕ್ಕಿಕೊಂಡರೆ, ಎಡ್ಜ್ ಬ್ಯಾಂಡ್ ಎದ್ದರೆ ಬೇರೆ ಹಣವಿಲ್ಲದೆ ಸರಿಪಡಿಸಿಕೊಡಬೇಕು.

ಈ ದಿನದೊಳಗೆ ಕೆಲಸ ಮುಗಿಯದಿದ್ದರೆ ಬೇರೆಯವರಿಂದ ಮಾಡಿಸಿ, ತಗಲಿದ ಖರ್ಚನ್ನು ಬಿಲ್ ಸಹಿತ ಬಾಕಿಯಿಂದ ಕಳೆದು ಉಳಿದದ್ದನ್ನು ತಮಗೆ ಕೊಡುತ್ತೇವೆ. ದಿನ ಸಾಲದು ಅನ್ನಿಸಿದರೆ 8ನೇ ತಾರೀಕಿನೊಳಗೆ ತಿಳಿಸಿ.

ಇಂತಿ ತಮ್ಮ,
(ಸಹಿ)

ಈ ಪತ್ರದಲ್ಲಿ ಬೈಗುಳವಿಲ್ಲ, "ಎಷ್ಟು ಸಲ ಹೇಳಿದ್ದೇನೆ" ಎಂಬ ಗೋಳೂ ಇಲ್ಲ. ಪಟ್ಟಿಯನ್ನು ಮಾತ್ರ ಮೂರನೆಯವರೊಬ್ಬರು ಕೈಯಲ್ಲಿ ಹಿಡಿದು ಮನೆಯಲ್ಲಿ ಸುತ್ತಿದರೂ ಆಯಿತೋ ಇಲ್ಲವೋ ಹೇಳಬಹುದು. "ಡ್ರಾಯರ್ ಸರಿ ಮಾಡಿ" ಅಂದರೆ ಜಗಳ. "ಪೂರ್ತಿ ಒಳಗೆ ಹೋಗಿ ಮುಚ್ಚುವಂತೆ" ಅಂದರೆ ಎಳೆದು ತಳ್ಳಿ ನೋಡಿದರೆ ಮುಗಿಯಿತು.

ಗಡುವಿಗೆ ವಾರ, ತಾರೀಕು ಎರಡೂ ಬೇಕು. "ಹಬ್ಬದೊಳಗೆ" ಅಂದರೆ ಯಾವ ಹಬ್ಬ ಅಂತ ಶುರುವಾಗುತ್ತದೆ. ಆಯುಧಪೂಜೆಯ ಆಸುಪಾಸಿನ ದಿನ ಕೊಡುವುದೂ ಜಾಣತನವಲ್ಲ, ಉಳಿ ಸುತ್ತಿಗೆಗೆ ಪೂಜೆ ಮಾಡಿಟ್ಟವರು ಅವತ್ತು ಅದನ್ನು ಮುಟ್ಟುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 46ನೇ ಕಲಮು, ಮೊದಲೇ ದಿನ ಗೊತ್ತುಮಾಡದಿದ್ದ ಕೆಲಸ ನ್ಯಾಯವಾದ ಅವಧಿಯಲ್ಲಿ ಮುಗಿಯಬೇಕು ಅನ್ನುತ್ತದೆ. ಮೂರು ದಿನದ ಕೆಲಸಕ್ಕೆ ಹತ್ತೊಂಬತ್ತು ದಿನ ಕೊಟ್ಟರೆ ಅದು ನ್ಯಾಯವಲ್ಲ ಅನ್ನುವವರು ಸಿಗುವುದು ಕಷ್ಟ. ಅದೇ ಕಾಯ್ದೆಯ 55ನೇ ಕಲಮಿನಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ: ಗಡುವು ಮುಖ್ಯ ಅಂತ ಆಗಿದ್ದ ಕರಾರಿನಲ್ಲಿ ಗಡುವು ದಾಟಿ ಬಂದ ಕೆಲಸವನ್ನು ಸುಮ್ಮನೆ ಒಪ್ಪಿಕೊಂಡರೆ, ತಡವಾದದ್ದಕ್ಕೆ ಆಮೇಲೆ ಪರಿಹಾರ ಕೇಳುವಂತಿಲ್ಲ. ಕೇಳುವ ಉದ್ದೇಶವಿದ್ದರೆ ಒಪ್ಪಿಕೊಳ್ಳುವಾಗಲೇ ತಿಳಿಸಬೇಕು. 22ರ ಬದಲು 30ಕ್ಕೆ ಬಂದು ಮುಗಿಸಿಕೊಟ್ಟರೆ, ಪರಿಹಾರ ಬೇಕೆನ್ನುವವರು ಅವತ್ತೇ ಒಂದು ವಾಟ್ಸ್‌ಆ್ಯಪ್ ಸಂದೇಶ ಕಳಿಸಿಡಬೇಕು.

ಇನ್ನು ಆ 9,000. ಅದು ಒಟ್ಟು ಗುತ್ತಿಗೆಯ ಶೇಕಡ 5. ಹಿಂಜ್ ಇಳಿಯುವುದು ಬಾಗಿಲನ್ನು ಒಂದಷ್ಟು ದಿನ ತೆಗೆದು ಹಾಕಿದ ಮೇಲೆ, ಎಡ್ಜ್ ಬ್ಯಾಂಡ್ ಏಳುವುದು ಸಿಂಕ್ ನೀರು ಬಿದ್ದ ಮೇಲೆ. ಮುಗಿದ ದಿನವೇ ಇವು ಕಾಣುವುದಿಲ್ಲ. ಅದಕ್ಕೇ ನಲವತ್ತೈದು ದಿನ. ಸರ್ಕಾರಿ ಕಾಮಗಾರಿಗಳಲ್ಲೂ ಗುತ್ತಿಗೆದಾರರ ಬಿಲ್‌ನಿಂದ ಇಂಥ ಹಣ ಹಿಡಿಯುವ ಪದ್ಧತಿಯಿದೆ. ಆದರೆ ಒಂದು ಎಚ್ಚರಿಕೆ. ಕೆಲಸ ಶುರುವಾಗುವಾಗ ಈ ಮಾತು ಆಗಿರದಿದ್ದರೆ, ಈಗ ಹಣ ಹಿಡಿಯುವುದು ನಮ್ಮ ಪ್ರಸ್ತಾಪವೇ ಹೊರತು ಹಕ್ಕಲ್ಲ. ಬಡಗಿ ಒಪ್ಪಬೇಕು. ಪತ್ರದ ಎರಡು ಪ್ರತಿ ಮಾಡಿ, ಒಂದರ ಮೇಲೆ "ಒಪ್ಪಿದೆ" ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಸಾಮಾನಿಗೆಂದು 10,000 ಮುಂದೆ ಇಟ್ಟಿರುವುದರಿಂದ ಒಪ್ಪುವುದು ಅಷ್ಟೇನೂ ಕಷ್ಟವಾಗಲಿಕ್ಕಿಲ್ಲ. ಆ ಹಣ ಹೋದರೂ ನಮಗೆ ನಷ್ಟವಿಲ್ಲ. ಸಾಮಾನು ನಮ್ಮ ಮನೆಯಲ್ಲಿರುತ್ತದೆ, ಕೈಯಲ್ಲಿ ಇನ್ನೂ 30,000 ಇರುತ್ತದೆ.

ಸಿಗದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಫೋಟೋವನ್ನು ವಾಟ್ಸ್‌ಆ್ಯಪ್‌ಗೂ ಹಾಕಿ. ಉತ್ತರ ಭಾರತದಿಂದ ಬಂದ ಕೆಲಸಗಾರರಾದರೆ ಅದೇ ವಿಷಯವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ವಾಯ್ಸ್ ಮೆಸೇಜ್ ಮಾಡಿ. ಯುಪಿಐನಲ್ಲಿ ಹಣ ಹಾಕುವಾಗ "ಸಾಮಾನಿಗೆ, ಭಾಗಶಃ" ಅಂತ ಟಿಪ್ಪಣಿ ಬರೆಯಿರಿ. ಅವರ ಡ್ರಿಲ್ಲಿಂಗ್ ಮಷಿನ್, ಕಟಿಂಗ್ ಮಷಿನ್ ಮನೆಯಲ್ಲಿದ್ದರೆ ಅದನ್ನು ಒತ್ತೆ ಇಟ್ಟುಕೊಳ್ಳಬೇಡಿ. ನ್ಯಾಯ ನಿಮ್ಮ ಕಡೆಗಿದ್ದದ್ದು ಆ ಕ್ಷಣಕ್ಕೆ ಆ ಕಡೆ ಹೋಗುತ್ತದೆ.

ಎಲೆಕ್ಟ್ರಿಷಿಯನ್ನರಿಗೆ ಬರೆಯುವಾಗ ಪಟ್ಟಿ ಬೇರೆಯಾಗುತ್ತದೆ: ಅರ್ಥಿಂಗ್ ಆಗಿದೆಯೇ, ಡಿಬಿಯಲ್ಲಿ ಯಾವ ಎಂಸಿಬಿ ಯಾವ ಕೋಣೆಯದು ಅಂತ ಬರೆದಿದೆಯೇ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದೆಯೇ. ಉಳಿದ ರಚನೆ ಇದೇ.

ಬಡಗಿ ಕೊನೆಗೂ ಬರದಿದ್ದರೆ ಉಳಿದ ಕೆಲಸದ ಫೋಟೋ ತೆಗೆದುಕೊಂಡು ಬೇರೆಯವರಿಂದ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಹೆಚ್ಚು ನಷ್ಟವಾಗಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅವರು ಬಂದು ಮುಗಿಸಿಕೊಟ್ಟು, ಜನವರಿ 6ರವರೆಗೆ ಬಾಗಿಲುಗಳು ನೆಟ್ಟಗೆ ನಿಂತಿದ್ದರೆ ಆ 9,000 ಅವರದು. ಅವರು ಫೋನ್ ಮಾಡುವ ಮೊದಲೇ ಕಳಿಸಿಬಿಡಿ.